ಬಾಕಿ ಅಪ್‌ಡೇಟ್ ಒಂದೂ ಇಲ್ಲದ ತಾಣಕ್ಕೆ ಕನ್ನ ಬಿದ್ದದ್ದು ಹೇಗೆ

ವರ್ಡ್‌ಪ್ರೆಸ್ ತಾಣವೊಂದರ ಮಾಲೀಕರು ಕೆಲವು ತಿಂಗಳ ಹಿಂದೆ ನನ್ನಲ್ಲಿಗೆ ತಂದ ದೂರು ವಿಚಿತ್ರವಾಗಿತ್ತು. ಸರ್ಚ್ ಎಂಜಿನ್‌ನಲ್ಲಿ ಹುಡುಕಿ ಮೊಬೈಲ್‌ನಿಂದ ಬರುವ ಓದುಗರು ತಾಣ ತೆರೆದ ಕೂಡಲೇ ಯಾವುದೋ ಜೂಜಿನ ಪುಟಕ್ಕೆ ಹೋಗಿಬಿಡುತ್ತಿದ್ದರು. ಮಾಲೀಕರು ತಮ್ಮ ಕಂಪ್ಯೂಟರ್‌ನಲ್ಲಿ ವಿಳಾಸ ಬರೆದು ತೆರೆದರೆ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು. ಈ ವ್ಯತ್ಯಾಸ ಆಕಸ್ಮಿಕವಲ್ಲ. ಓದುಗರು ಎಲ್ಲಿಂದ ಬಂದರು, ಲಾಗಿನ್ ಆಗಿದ್ದಾರೆಯೇ ಎಂಬುದನ್ನು ನೋಡಿಕೊಂಡು, ಮಾಲೀಕರ ಕಣ್ಣಿಗೆ ಬೀಳದಂತೆ ವರ್ತಿಸುವುದು ಇಂಥ ಕಳ್ಳ ಕೋಡ್‌ನ ಮಾಮೂಲಿ ಲಕ್ಷಣ. ಆದ್ದರಿಂದ ‘ನನಗೆ ಏನೂ ಕಾಣಿಸುತ್ತಿಲ್ಲ’ ಎಂಬ ಮಾತನ್ನು ನಾನು ಸಾಕ್ಷ್ಯವೆಂದು ಪರಿಗಣಿಸುವುದೇ ಇಲ್ಲ.

ಮಾಲೀಕರು ಅಸಡ್ಡೆಯವರಾಗಿರಲಿಲ್ಲ. ವರ್ಡ್‌ಪ್ರೆಸ್ ಇತ್ತೀಚಿನ ಆವೃತ್ತಿಯಲ್ಲಿತ್ತು, ಪ್ಲಗಿನ್‌ಗಳಿಗೆ ಸ್ವಯಂಚಾಲಿತ ಅಪ್‌ಡೇಟ್ ಹಾಕಲಾಗಿತ್ತು, ಡ್ಯಾಶ್‌ಬೋರ್ಡ್‌ನಲ್ಲಿ ಬಾಕಿ ಅಪ್‌ಡೇಟ್ ಒಂದೂ ಇರಲಿಲ್ಲ. ಪ್ಲಗಿನ್‌ಗಳ ಪಟ್ಟಿಯಲ್ಲಿ ಮಾತ್ರ 23 ಹೆಸರುಗಳಿದ್ದು, ಅವುಗಳಲ್ಲಿ 9 ನಿಷ್ಕ್ರಿಯವಾಗಿದ್ದವು. ಎಂದೋ ಪರೀಕ್ಷಿಸಲು ಹಾಕಿ, ಬೇಡವೆಂದು ನಿಲ್ಲಿಸಿ, ಅಳಿಸುವುದನ್ನು ಮರೆತವು ಅವು.

ಸರ್ವರ್‌ನ ಲಾಗ್‌ನಲ್ಲಿ ಹಿಂದಕ್ಕೆ ಹೋಗುತ್ತ ಹೋದಂತೆ ಮೊದಲು ಸಿಕ್ಕಿದ್ದು `wp-content/uploads` ಒಳಗಿನ ಒಂದು ಪಿಎಚ್‌ಪಿ ಫೈಲ್. ಚಿತ್ರಗಳೂ ದಾಖಲೆಗಳೂ ಇರಬೇಕಾದ ಆ ಫೋಲ್ಡರ್‌ನಲ್ಲಿ ಪಿಎಚ್‌ಪಿ ಫೈಲ್‌ಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಅದು ಹುಟ್ಟಿದ ಗಳಿಗೆಯನ್ನು ಹಿಡಿದು ಲಾಗ್ ನೋಡಿದರೆ, ಅದೇ ಕ್ಷಣದಲ್ಲಿ ನಿಷ್ಕ್ರಿಯ ಪ್ಲಗಿನ್‌ಗಳಲ್ಲೊಂದರ ಫೋಲ್ಡರ್‌ನೊಳಗಿನ ಫೈಲ್‌ಗೆ ಹೊರಗಿನಿಂದ ಬಂದ `POST` ಕೋರಿಕೆಯೂ, ಕೋರಿಕೆ ಯಶಸ್ವಿಯೆಂದು ಸರ್ವರ್ ಅದಕ್ಕೆ ಕೊಟ್ಟ `200` ಉತ್ತರವೂ ದಾಖಲಾಗಿದ್ದವು. ಕನ್ನ ಬಿದ್ದಿದ್ದು ಅಲ್ಲಿಯೇ.

ಪ್ಲಗಿನ್ ನಿಷ್ಕ್ರಿಯವಾಗಿದ್ದರೂ ಹೀಗಾಗುವುದು ಸಾಧ್ಯವೇ ಎಂದು ಮಾಲೀಕರು ಕೇಳಿದರು. ಪ್ಲಗಿನ್ ನಿಷ್ಕ್ರಿಯಗೊಳಿಸುವುದೆಂದರೆ, ಪುಟ ಸಿದ್ಧಪಡಿಸುವಾಗ ಅದನ್ನು ಓದಬೇಡ ಎಂದು ವರ್ಡ್‌ಪ್ರೆಸ್‌ಗೆ ಹೇಳುವುದು, ಅಷ್ಟೆ. ಅದರ ಫೈಲ್‌ಗಳು ಸರ್ವರ್‌ನಲ್ಲಿ ಇದ್ದಲ್ಲೇ ಇರುತ್ತವೆ. ಅವುಗಳ ಪೈಕಿ ಯಾವುದಾದರೂ ಒಂದು ಫೈಲ್ ವರ್ಡ್‌ಪ್ರೆಸ್‌ನ ನೆರವಿಲ್ಲದೆ ತಾನಾಗಿಯೇ ಚಲಾಯಿಸಬಲ್ಲದ್ದಾಗಿದ್ದರೆ, ಅದರ ಪೂರ್ತಿ ವಿಳಾಸ ತಿಳಿದವರು ನೇರವಾಗಿ ಅದನ್ನೇ ಕರೆಯಬಹುದು. 2020ರ ಸೆಪ್ಟೆಂಬರ್‌ನಲ್ಲಿ, 7 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಬಯಲಾದದ್ದು ಇದೇ ಬಗೆಯ ದೋಷ: `connector.minimal.php` ಎಂಬ ಒಂದೇ ಫೈಲ್ ಅನ್ನು ನೇರವಾಗಿ ಕರೆದು, ಯಾವ ಲಾಗಿನ್ ಕೂಡ ಇಲ್ಲದೆ, ಸರ್ವರ್‌ಗೆ ಬೇಕಾದ ಫೈಲ್ ಏರಿಸಬಹುದಾಗಿತ್ತು. ಬೇಡದ ಪ್ಲಗಿನ್ ಅನ್ನು ನಿಲ್ಲಿಸಿದರೆ ಸಾಲದು, ಅಳಿಸಬೇಕು ಎಂದು ನಾವು ಹೇಳುವುದಕ್ಕೆ ಕಾರಣ ಇದು.

ಇನ್ನು ಅಪ್‌ಡೇಟ್‌ನ ವಿಚಾರ. ವರ್ಡ್‌ಪ್ರೆಸ್ ದಿನಕ್ಕೆ ಎರಡು ಬಾರಿ ತನ್ನಲ್ಲಿರುವ ಪ್ಲಗಿನ್‌ಗಳ ಪಟ್ಟಿಯನ್ನು wordpress.org ತಾಣದ ಕೇಂದ್ರ ಭಂಡಾರಕ್ಕೆ ಕಳುಹಿಸಿ, ಇವುಗಳಲ್ಲಿ ಯಾವುದಕ್ಕೆ ಹೊಸ ಆವೃತ್ತಿ ಬಂದಿದೆ ಎಂದು ಕೇಳುತ್ತದೆ. ಅದು ಕೇಳುವ ಪ್ರಶ್ನೆ ಅಷ್ಟೇ. ಇವುಗಳಲ್ಲಿ ಯಾವುದು ಅಪಾಯಕಾರಿ ಎಂಬುದಲ್ಲ. ಲೇಖಕರು ಕೈಬಿಟ್ಟ ಪ್ಲಗಿನ್‌ಗೆ ಹೊಸ ಆವೃತ್ತಿ ಬರುವುದಿಲ್ಲ, ಹಾಗಾಗಿ ಬಾಕಿಯೂ ಕಾಣುವುದಿಲ್ಲ. ದುರಸ್ತಿಯಾಗದ ದೋಷಕ್ಕಾಗಿ ಭಂಡಾರದವರು ಒಂದು ಪ್ಲಗಿನ್ ಅನ್ನು ಮುಚ್ಚಿದರೂ, ಅದನ್ನು ಈಗಾಗಲೇ ಹಾಕಿಕೊಂಡವರ ಡ್ಯಾಶ್‌ಬೋರ್ಡ್‌ಗೆ ಸುದ್ದಿ ಬರುವುದಿಲ್ಲ. ನಮ್ಮ ಮಾಲೀಕರ ಆ ಪ್ಲಗಿನ್‌ಗೆ ಆಗಿದ್ದೂ ಇದೇ. ಭಂಡಾರದಲ್ಲಿ ಅದರ ಪುಟ ತೆರೆದರೆ ‘This plugin has been closed’ ಎಂಬ ಸೂಚನೆ ಇತ್ತು, ಡ್ಯಾಶ್‌ಬೋರ್ಡ್ ಮಾತ್ರ ಸುಮ್ಮನಿತ್ತು. ಹಣ ಕೊಟ್ಟು ಕೊಂಡ ಪ್ಲಗಿನ್‌ಗಳಲ್ಲಿ ಇದಕ್ಕೊಂದು ಸೋದರ ಸಮಸ್ಯೆಯಿದೆ: ಪರವಾನಗಿಯ ಅವಧಿ ಮುಗಿದ ಮೇಲೆ ಹಲವು ಪ್ಲಗಿನ್‌ಗಳ ಹೊಸ ಆವೃತ್ತಿ ಇಳಿಯುವುದು ನಿಂತುಹೋಗುತ್ತದೆ.

ಹೀಗಾಗಿ ಸ್ವಯಂಚಾಲಿತ ಅಪ್‌ಡೇಟ್ ಹಾಕಿದವರೂ ಮೂರು ತಿಂಗಳಿಗೊಮ್ಮೆ ಪ್ರತಿ ಪ್ಲಗಿನ್‌ನ ಭಂಡಾರ ಪುಟವನ್ನು ತೆರೆದು, ಅದು ಕೊನೆಯ ಬಾರಿ ನವೀಕೃತವಾದದ್ದು ಯಾವಾಗ ಎಂದು ನೋಡಬೇಕು. ಪ್ಲಗಿನ್‌ಗಳು 11 ಇದ್ದರೆ ಇದು ಅರ್ಧ ಗಂಟೆಯ ಕೆಲಸ; 23 ಇದ್ದರೆ ಯಾರೂ ಮಾಡುವುದಿಲ್ಲ. ಪ್ಲಗಿನ್ ಕಡಿಮೆ ಮಾಡಿ ಎಂದು ನಾನು ಒತ್ತಾಯಿಸುವುದು ಮುಖ್ಯವಾಗಿ ಈ ಕಾರಣಕ್ಕೆ. ಸಂಖ್ಯೆಯೇ ಅಪಾಯವಲ್ಲ, ಯಾರೂ ಗಮನಿಸದ ಕೋಡ್ ಅಪಾಯ.

ಇಷ್ಟರಿಂದ ಸ್ವಯಂಚಾಲಿತ ಅಪ್‌ಡೇಟ್ ನಿಷ್ಪ್ರಯೋಜಕ ಎಂದು ತಿಳಿಯಬಾರದು. 2017ರ ಜನವರಿ 26ರಂದು ಬಿಡುಗಡೆಯಾದ ವರ್ಡ್‌ಪ್ರೆಸ್‌ನ 4.7.2 ಆವೃತ್ತಿ, ಯಾರು ಬೇಕಾದರೂ ಬರಹಗಳನ್ನು ತಿದ್ದಲು ಅವಕಾಶ ಕೊಡುತ್ತಿದ್ದ ಒಂದು ದೋಷವನ್ನು ಮುಚ್ಚಿತು. ದೋಷದ ವಿವರವನ್ನು ಬೇಕೆಂದೇ ತಡೆಹಿಡಿದು, ಫೆಬ್ರವರಿ 1ರಂದು ಪ್ರಕಟಿಸಲಾಯಿತು. ಅಷ್ಟರೊಳಗೆ ಅಪ್‌ಡೇಟ್ ಆಗಿದ್ದ ತಾಣಗಳು ಪಾರಾದವು. ಅಪ್‌ಡೇಟ್ ನಿಲ್ಲಿಸಿಕೊಂಡಿದ್ದ ಅಸಂಖ್ಯಾತ ತಾಣಗಳ ಪುಟಗಳು ಮುಂದಿನ ದಿನಗಳಲ್ಲಿ ವಿರೂಪಗೊಂಡವು. ದುರಸ್ತಿ ಪ್ರಕಟವಾದ ಕ್ಷಣದಿಂದ ಹಳೆಯ ಮತ್ತು ಹೊಸ ಕೋಡ್ ಅಕ್ಕಪಕ್ಕದಲ್ಲಿಟ್ಟು ನೋಡಿ ದೋಷ ಎಲ್ಲಿತ್ತೆಂದು ಯಾರಾದರೂ ಪತ್ತೆಹಚ್ಚಬಹುದಾದ್ದರಿಂದ, ‘ಮುಂದಿನ ವಾರ ಮಾಡೋಣ’ ಎಂಬುದಕ್ಕೆ ಇಲ್ಲಿ ಬೆಲೆ ತೆರಬೇಕಾಗುತ್ತದೆ.

ನಮ್ಮ ತಾಣಕ್ಕೆ ಮರಳೋಣ. ಮಾಲೀಕರು ಕಳ್ಳ ಫೈಲ್ ಮತ್ತು ಆ ಪ್ಲಗಿನ್ ಎರಡನ್ನೂ ಅಳಿಸಿ, ಬಳಕೆದಾರರ ಪಟ್ಟಿಯಲ್ಲಿದ್ದ ಅಪರಿಚಿತ ನಿರ್ವಾಹಕ ಖಾತೆಯನ್ನು ತೆಗೆದು, ತಮ್ಮ ಪಾಸ್‌ವರ್ಡ್ ಬದಲಿಸಿದರು. ನಾನು ಸರ್ವರ್‌ನಲ್ಲಿ WP-CLI ಎಂಬ ಸಾಧನದ ಮೂಲಕ ಈ ಕೆಳಗಿನ ಆಜ್ಞೆಗಳನ್ನು ಕೊಟ್ಟು, ಫೈಲ್‌ಗಳು ಮೂಲದೊಡನೆ ಹೊಂದುತ್ತವೆಯೇ ಎಂದು ಪರೀಕ್ಷಿಸಿ, ಹಳೆಯ ಲಾಗಿನ್‌ಗಳೆಲ್ಲ ರದ್ದಾಗುವಂತೆ ಗುಪ್ತ ಕೀಲಿಗಳನ್ನು ಬದಲಿಸಿದೆ.

```
wp core verify-checksums
wp plugin verify-checksums --all
wp user list --role=administrator
wp config shuffle-salts
```

ಎರಡನೆಯ ಆಜ್ಞೆ ಭಂಡಾರದಲ್ಲಿರುವ ಪ್ಲಗಿನ್‌ಗಳಿಗೆ ಮಾತ್ರ ಸಲ್ಲುತ್ತದೆ. ಕೊಂಡ ಪ್ಲಗಿನ್‌ಗಳನ್ನು ಅಳಿಸಿ, ಮಾರಾಟಗಾರರಿಂದ ಹೊಸ ಪ್ರತಿ ಪಡೆದು ಹಾಕಿದೆವು. ಎಲ್ಲವೂ ಸರಿಹೋಯಿತೆಂದು ನಂಬಿದ ಮೂರನೆಯ ದಿನ ಅಪರಿಚಿತ ನಿರ್ವಾಹಕ ಖಾತೆ ಮತ್ತೆ ಹಾಜರಾಯಿತು.

ಈ ಬಾರಿ ಲಾಗ್‌ನಲ್ಲಿ ಲಾಗಿನ್ ಪುಟವಾದ `wp-login.php` ಕಡೆಗೆ ಸಂಶಯಾಸ್ಪದ ಭೇಟಿಯೇ ಇರಲಿಲ್ಲ. ಇದ್ದದ್ದು ಒಂದೇ ಸಾಲು: `/wp-json/wp/v2/users` ವಿಳಾಸಕ್ಕೆ `POST`, ಉತ್ತರ `201`. ಅಂದರೆ ಯಾರೋ ಅಧಿಕೃತ ಗುರುತು ತೋರಿಸಿಯೇ, ಪ್ರೋಗ್ರಾಂ ಮೂಲಕ, ಹೊಸ ಬಳಕೆದಾರರನ್ನು ಸೃಷ್ಟಿಸಿದ್ದರು. ಮಾಲೀಕರ ಪ್ರೊಫೈಲ್ ಪುಟದ ಕೆಳಭಾಗದಲ್ಲಿ ‘Application Passwords’ ಎಂಬ ವಿಭಾಗವಿದೆ. ಅಲ್ಲಿ ಮಾಲೀಕರು ಎಂದೂ ಮಾಡಿರದ ಒಂದು ನಮೂದು ಕುಳಿತಿತ್ತು, ಅದರ ‘Last Used’ ಅಂಕಣದಲ್ಲಿ ಹಿಂದಿನ ದಿನದ ದಿನಾಂಕವಿತ್ತು.

2020ರ ಡಿಸೆಂಬರ್‌ನ 5.6 ಆವೃತ್ತಿಯಿಂದ ಬಂದ ಈ ಸೌಲಭ್ಯ, ಮೊಬೈಲ್ ಆ್ಯಪ್‌ಗಳಂಥ ಹೊರಗಿನ ಪ್ರೋಗ್ರಾಂಗಳು ಮುಖ್ಯ ಪಾಸ್‌ವರ್ಡ್ ತಿಳಿಯದೆಯೇ ತಾಣದೊಡನೆ ವ್ಯವಹರಿಸಲು ಕೊಡುವ 24 ಅಕ್ಷರಗಳ ಪ್ರತ್ಯೇಕ ಕೀಲಿ. ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಅದು ರದ್ದಾಗುವುದಿಲ್ಲ. ಗುಪ್ತ ಕೀಲಿಗಳನ್ನು ಬದಲಿಸಿದರೂ ರದ್ದಾಗುವುದಿಲ್ಲ. ಎರಡು ಹಂತದ ದೃಢೀಕರಣವೂ ಅದನ್ನು ತಡೆಯುವುದಿಲ್ಲ, ಏಕೆಂದರೆ ಪ್ರೋಗ್ರಾಂ ಒಂದಕ್ಕೆ ಫೋನ್ ನೋಡಿ ಅಂಕಿ ತುಂಬಲು ಬರುವುದಿಲ್ಲವೆಂದೇ ಈ ಕೀಲಿಯನ್ನು ಎರಡನೆಯ ಹಂತದಿಂದ ಹೊರಗಿಡಲಾಗಿದೆ. ಅದೇ ಪುಟದಲ್ಲಿನ ‘Revoke’ ಒತ್ತಿದ ಮೇಲೆಯೇ ಕಾಟ ನಿಂತಿತು. ಮೊದಲ ದಿನವೇ ನಾನು ಅಲ್ಲಿ ನೋಡಬೇಕಾಗಿತ್ತು. ಈಗ ಪ್ರತಿ ಶುಚಿ ಕಾರ್ಯದಲ್ಲೂ ಎಲ್ಲ ನಿರ್ವಾಹಕರ ಪ್ರೊಫೈಲ್ ಪುಟಗಳನ್ನು ಮೊದಲೇ ತೆರೆಯುತ್ತೇನೆ. ಇಂಥ ಕೀಲಿಯ ಅಗತ್ಯವೇ ಇಲ್ಲದ ತಾಣಗಳಲ್ಲಿ `wp-content` ಒಳಗಿನ `mu-plugins` ಫೋಲ್ಡರ್‌ನಲ್ಲಿ ಒಂದು ಪುಟ್ಟ ಪಿಎಚ್‌ಪಿ ಫೈಲ್ ಇಟ್ಟು ಸೌಲಭ್ಯವನ್ನೇ ಮುಚ್ಚಬಹುದು:

```
<?php
add_filter( 'wp_is_application_passwords_available', '__return_false' );
```

ಲಾಗಿನ್‌ಗಳನ್ನು ಸರಿಪಡಿಸುವಾಗ ಇನ್ನೊಂದು ಸಂಗತಿ ಹೊರಬಂತು. ಮೂವರು ಒಂದೇ ನಿರ್ವಾಹಕ ಖಾತೆಯನ್ನು ಹಂಚಿಕೊಂಡಿದ್ದರು, ಎಲ್ಲರೂ ನೆನಪಿಡಬೇಕಾದ್ದರಿಂದ ಪಾಸ್‌ವರ್ಡ್ ಚಿಕ್ಕದಾಗಿತ್ತು. ವರ್ಡ್‌ಪ್ರೆಸ್ ತಾನಾಗಿ ತಪ್ಪು ಪ್ರಯತ್ನಗಳಿಗೆ ಮಿತಿ ಹಾಕುವುದಿಲ್ಲ, ಬಳಕೆದಾರರ ಹೆಸರನ್ನು ಗುಟ್ಟಾಗಿಡುವುದೂ ಇಲ್ಲ. ಬರಹ ಪ್ರಕಟಿಸಿದವರ ಹೆಸರು ಸಾರ್ವಜನಿಕವಾಗಿ ಸಿಗುತ್ತದೆ. ಆದ್ದರಿಂದ ಇಡೀ ಭಾರ ಪಾಸ್‌ವರ್ಡ್ ಮೇಲೆಯೇ ಬೀಳುತ್ತದೆ. ಬರೆಯುವ ಇಬ್ಬರಿಗೆ ಪ್ಲಗಿನ್ ಹಾಕುವ ಅಧಿಕಾರವಿಲ್ಲದ ‘Editor’ ಖಾತೆಗಳನ್ನು ಕೊಟ್ಟು, ಪ್ರತಿಯೊಬ್ಬರಿಗೂ ಪಾಸ್‌ವರ್ಡ್ ಮ್ಯಾನೇಜರ್ ಸೃಷ್ಟಿಸಿದ, ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇಟ್ಟೆವು. ಆಮೇಲೆಯೇ ‘Two Factor’ ಪ್ಲಗಿನ್ ಹಾಕಿದೆವು. ಹಂಚಿಕೊಂಡ ಖಾತೆಯಲ್ಲಿ ಎರಡನೆಯ ಹಂತ ಯಾರ ಫೋನ್‌ನಲ್ಲಿರಬೇಕೆಂಬುದೇ ಬಗೆಹರಿಯುವುದಿಲ್ಲ. ಪ್ರೊಫೈಲ್ ಪುಟದಲ್ಲಿ ಕಾಣುವ ಕ್ಯೂಆರ್ ಸಂಕೇತವನ್ನು ಫೋನ್‌ನ ದೃಢೀಕರಣ ಆ್ಯಪ್‌ನಿಂದ ಓದಿಸಿದರೆ, 30 ಸೆಕೆಂಡುಗಳಿಗೊಮ್ಮೆ ಬದಲಾಗುವ 6 ಅಂಕಿಗಳು ದೊರೆಯುತ್ತವೆ. ಅಂಕಿ ಪದೇ ಪದೇ ತಪ್ಪೆಂದು ಬಂದರೆ ಮೊದಲು ಫೋನ್ ಮತ್ತು ಸರ್ವರ್‌ನ ಗಡಿಯಾರಗಳನ್ನು ನೋಡಿ. ಲೆಕ್ಕವೆಲ್ಲ ಸಮಯದ ಮೇಲೆ ನಿಂತಿದೆ.

ನಾಲ್ಕು ತಿಂಗಳ ಬಳಿಕ ಮಾಲೀಕರು ಫೋನ್ ಕಳೆದುಕೊಂಡರು. ಫೋನ್ ಇಲ್ಲದಾಗ ಬಳಸಲೆಂದು ಪ್ಲಗಿನ್ ಕೊಟ್ಟಿದ್ದ ಮೀಸಲು ಸಂಕೇತಗಳ ಚಿತ್ರವೂ ಅದೇ ಫೋನ್‌ನಲ್ಲಿತ್ತು. ಹೋಸ್ಟಿಂಗ್ ಖಾತೆಗೆ ಹೋಗಿ, ಪ್ಲಗಿನ್‌ನ `two-factor` ಫೋಲ್ಡರ್‌ಗೆ ಬೇರೆ ಹೆಸರಿಟ್ಟೆವು. ವರ್ಡ್‌ಪ್ರೆಸ್‌ಗೆ ಆ ಪ್ಲಗಿನ್ ಸಿಗದೆ ಎರಡನೆಯ ಹಂತವೇ ಮಾಯವಾಗಿ, ಬರಿಯ ಪಾಸ್‌ವರ್ಡ್‌ನಿಂದ ಒಳಹೋದೆವು. ಒಂದು ನಿಮಿಷವೂ ಬೇಕಾಗಲಿಲ್ಲ. ಮಾಲೀಕರಿಗೆ ಮೊದಲು ನೆಮ್ಮದಿಯಾಯಿತು, ಮರುಕ್ಷಣವೇ ಗಾಬರಿಯಾಯಿತು, ಏಕೆಂದರೆ ಹೋಸ್ಟಿಂಗ್ ಖಾತೆಯ ಪಾಸ್‌ವರ್ಡ್ ಅವರ ಇಮೇಲ್‌ನ ಪಾಸ್‌ವರ್ಡೇ ಆಗಿತ್ತು. ಆ ಸಂಜೆಯೇ ಅದನ್ನು ಬದಲಿಸಿ, ಹೋಸ್ಟಿಂಗ್ ಮತ್ತು ಇಮೇಲ್ ಎರಡಕ್ಕೂ ಎರಡು ಹಂತದ ದೃಢೀಕರಣ ಹಾಕಿ, ಹೊಸ ಮೀಸಲು ಸಂಕೇತಗಳನ್ನು ಕಾಗದದ ಮೇಲೆ ಮುದ್ರಿಸಿ ಬೀರುವಿನಲ್ಲಿ ಇಟ್ಟರು.