x² − 1 ರಿಂದ ಭಾಗಿಸಿದರೆ ಶೇಷ ಎಷ್ಟು? ನೂರನೇ ಘಾತ ಇದ್ದರೂ ಎರಡೇ ಸಾಲಿನಲ್ಲಿ

ಪ್ರಶ್ನೆ: x¹⁰⁰ + 4x⁵⁵ − 3x²⁰ + 2x − 7 ಅನ್ನು x² − 1 ರಿಂದ ಭಾಗಿಸಿದರೆ ಶೇಷ ಎಷ್ಟು? ಶೇಷ ಪ್ರಮೇಯದಲ್ಲಿ x = 1 ಹಾಕಿದರೆ −3 ಬರುತ್ತೆ, x = −1 ಹಾಕಿದರೆ −15. ಇವೆರಡರಲ್ಲಿ ಉತ್ತರ ಯಾವುದು?

ಎರಡೂ ಅಲ್ಲ. ಕೂಡಿಸಿದರೂ ಅಲ್ಲ, ಗುಣಿಸಿದರೂ ಅಲ್ಲ. ಆದರೆ ಉತ್ತರಕ್ಕೆ ಬೇಕಾದ ಸಾಮಾನು ಆಗಲೇ ನಿಮ್ಮ ಕೈಯಲ್ಲಿದೆ.

ಒಂಬತ್ತನೇ ಕ್ಲಾಸಿನ ಶೇಷ ಪ್ರಮೇಯದಲ್ಲಿ ಭಾಜಕ x − a ತರಹದ್ದು, ಅಂದರೆ ಘಾತ ಒಂದು. ಶೇಷದ ಘಾತ ಯಾವಾಗಲೂ ಭಾಜಕದ ಘಾತಕ್ಕಿಂತ ಕಡಿಮೆ ಇರಬೇಕು, ಹಾಗಾಗಿ ಅಲ್ಲಿ ಶೇಷ ಬರೀ ಒಂದು ಸಂಖ್ಯೆ. ಇಲ್ಲಿ ಭಾಜಕದ ಘಾತ ಎರಡು. ಹಾಗಾದರೆ ಶೇಷದಲ್ಲಿ x ಕೂಡ ಉಳಿಯಬಹುದು, ಅಲ್ವಾ? ಅದನ್ನು ax + b ಅಂತ ಇಟ್ಟುಕೊಂಡು ಹೀಗೆ ಬರೆಯಿರಿ:

p(x) = (x² − 1) · q(x) + ax + b

ಭಾಗಲಬ್ಧ q(x) ಏನು ಅಂತ ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. (ಉದ್ದಕ್ಕೆ ಭಾಗಿಸುತ್ತಾ ಕೂತರೆ ಅದರಲ್ಲಿ 77 ಪದ ಬರುತ್ತವೆ, ಬೇಡ ಬಿಡಿ.) x = 1 ಆದರೂ x = −1 ಆದರೂ x² − 1 ಸೊನ್ನೆ ಆಗುತ್ತೆ, ಅದರ ಜೊತೆ q(x) ಕೂಡ ಮಾಯ. ಉಳಿಯೋದು ಇಷ್ಟೇ:

a + b = −3
−a + b = −15

ಕೂಡಿದರೆ 2b = −18, ಅಂದರೆ b = −9. ಆಗ a = 6. ಶೇಷ 6x − 9. ನೀವು ಲೆಕ್ಕ ಹಾಕಿದ್ದ −3 ಮತ್ತು −15 ಶೇಷವಲ್ಲ, ಶೇಷವು ಆ ಎರಡು ಜಾಗದಲ್ಲಿ ಪಡೆಯುವ ಬೆಲೆಗಳು. ತಾಳೆ ನೋಡೋದೂ ಸುಲಭ: 6x − 9 ರಲ್ಲಿ x = 1 ಹಾಕಿ, −1 ಹಾಕಿ, ಅವೇ ಬರಬೇಕು.

ಇದಕ್ಕಿಂತ ಬೇಗದ ದಾರಿಯೂ ಇದೆ, ನನಗೆ ಇದೇ ಜಾಸ್ತಿ ಇಷ್ಟ. x² ಕಂಡಲ್ಲೆಲ್ಲ 1 ಅಂತ ಬರೆದುಬಿಡಿ. x¹⁰⁰ ಅಂದರೆ (x²)⁵⁰, ಅದು 1. x⁵⁵ ಅಂದರೆ (x²)²⁷ · x, ಅದು x. ಒಟ್ಟು 1 + 4x − 3 + 2x − 7, ಅಂದರೆ ಮತ್ತೆ 6x − 9. ಸಮ ಘಾತದ ಸಹಗುಣಕಗಳನ್ನೆಲ್ಲ ಕೂಡಿದರೆ b, ಬೆಸ ಘಾತದವನ್ನು ಕೂಡಿದರೆ a. ಇದು ಸುಮ್ನೆ ಕಣ್ಕಟ್ಟಲ್ಲ: y⁵⁰ − 1 ಯಾವಾಗಲೂ y − 1 ರಿಂದ ಪೂರ್ತಿ ಭಾಗವಾಗುತ್ತೆ, ಅಲ್ಲಿ y ಬದಲು x² ಇಟ್ಟರೆ x¹⁰⁰ಗೂ 1ಕ್ಕೂ ಇರುವ ವ್ಯತ್ಯಾಸ x² − 1 ರ ಗುಣಕ ಅಂತಾಯಿತು. ಗುಣಕವನ್ನು ಕಳೆದರೆ ಶೇಷ ಬದಲಾಗಲ್ಲ.

ಭಾಜಕ x² + 1 ಆಗಿದ್ದರೆ? ಸೊನ್ನೆ ಮಾಡುವ ನೈಜ ಸಂಖ್ಯೆ ಇಲ್ಲ, ಆದರೂ ಎರಡನೇ ದಾರಿ ಕೈಕೊಡಲ್ಲ. ಈ ಸಲ x² ಬದಲು −1. (−1)⁵⁰ ಅಂದರೆ 1, (−1)²⁷ ಅಂದರೆ −1, (−1)¹⁰ ಅಂದರೆ 1. ಹಾಗಾಗಿ 1 − 4x − 3 + 2x − 7, ಶೇಷ −2x − 9. ಇಲ್ಲಿ ಜನ ತಪ್ಪುವುದು x⁵⁵ರ ಚಿಹ್ನೆಯಲ್ಲೇ, ಯಾಕೆಂದರೆ 55 ಬೆಸ ಅಂತ ನೋಡಿದರೆ ಸಾಲದು, ಒಳಗಿನ 27 ಸಮವೋ ಬೆಸವೋ ನೋಡಬೇಕು.

x² − 3x + 2 ಬಂದರೆ ಮಾತ್ರ ಮೊದಲನೇ ದಾರಿಗೇ ವಾಪಸ್ ಹೋಗಿ. x² ಬದಲು 3x − 2 ಹಾಕಬಹುದು ನಿಜ, ಆದರೆ ಅದನ್ನು 50 ಸಲ ಘಾತಕ್ಕೇರಿಸೋಕೆ ಯಾರಿಗೆ ತಾಳ್ಮೆ ಇದೆ? ಅದು (x − 1)(x − 2), ಆದ್ದರಿಂದ x = 1 ಮತ್ತು x = 2 ಹಾಕಿ. ಬರೀ x¹⁰⁰ ಇದ್ದರೆ a + b = 1, 2a + b = 2¹⁰⁰, ಶೇಷ (2¹⁰⁰ − 1)x + 2 − 2¹⁰⁰. ದೊಡ್ಡ ಸಂಖ್ಯೆ ಅಂತ ಗಾಬರಿ ಬೇಡ, ಹಾಗೇ ಬಿಡಿ.

ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು (x − 1)² ಬಂದಾಗ. ಮೂಲ ಎರಡೂ ಒಂದೇ, ಹಾಗಾಗಿ a + b = −3 ಅನ್ನುವ ಒಂದೇ ಸಮೀಕರಣ ಸಿಗುತ್ತೆ. ಆಗ x = 1 + t ಅಂತ ಇಡಿ. ಭಾಜಕ t² ಆಯಿತು, ಅಂದರೆ t² ಮತ್ತು ಅದಕ್ಕಿಂತ ಮೇಲಿನದನ್ನೆಲ್ಲ ಎಸೆಯಬಹುದು. (1 + t)¹⁰⁰ ರಲ್ಲಿ ಉಳಿಯೋದು 1 + 100t ಮಾತ್ರ. ಅದೇ ತರಹ 4(1 + 55t), −3(1 + 20t), 2(1 + t), −7. ಕೂಡಿದರೆ −3 + 262t. t ಬದಲು x − 1 ಹಾಕಿದರೆ ಶೇಷ 262x − 265. ಅವಕಲನ ಕಲಿತವರು p′(1) ಲೆಕ್ಕ ಹಾಕಿ ನೋಡಿ, 262 ಅಲ್ಲೇ ಸಿಗುತ್ತೆ.