‘ಎರಡು ವರ್ಷ ದೊಡ್ಡವನು’ ಅಂದಾಗ ಹೋಲಿಕೆ ಎಲ್ಲಿದೆ?

‘ರವಿ ಗೋಪಿಗಿಂತ ಎತ್ತರ.’ ಈ ವಾಕ್ಯದಲ್ಲಿ ಹೋಲಿಕೆ ಮಾಡುತ್ತಿರುವ ಪದ ಯಾವುದು ಅಂತ ತರಗತಿಯಲ್ಲಿ ಕೇಳಿದರೆ ಎಲ್ಲರೂ ‘ಗಿಂತ’ ಅನ್ನುತ್ತಾರೆ. ಬೇರೆ ಏನಿದೆ ಅಲ್ಲಿ, ಅಲ್ವಾ? ಇಂಗ್ಲಿಷಿನಲ್ಲಾದರೆ ‘ಟಾಲ್’ ಎಂಬುದು ‘ಟಾಲರ್’ ಆಗುತ್ತದೆ, ಅದರ ಜೊತೆಗೆ ‘ದ್ಯಾನ್’ ಬೇರೆ ಬರುತ್ತದೆ. ಕನ್ನಡದಲ್ಲಿ ‘ಎತ್ತರ’ ಹೇಗಿತ್ತೋ ಹಾಗೇ ಇರುತ್ತದೆ. ‘ರವಿ ಎತ್ತರ’ ಅಂದಾಗಲೂ ಅದೇ ರೂಪ, ಹೋಲಿಸುವಾಗಲೂ ಅದೇ ರೂಪ. ಭಾಷೆಗಳ ಅರ್ಥದ ಮೇಲೆ ಕೆಲಸ ಮಾಡುವ ನನ್ನಂಥವರಿಗೆ ಇಲ್ಲೊಂದು ಗಂಟು ಇದೆ. ‘ಗಿಂತ’ ಅನ್ನುವ ಉತ್ತರದಿಂದ ಅದು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಮೊದಲಿಗೆ ಇದು ಕನ್ನಡದ ಕೊರತೆಯೇನಲ್ಲ. ಗುಣ ಹೇಳುವ ಪದಕ್ಕೇ ಹೋಲಿಕೆಯ ಪ್ರತ್ಯಯ ಅಂಟಿಸುವ ಚಾಳಿ ಯುರೋಪಿನ ಭಾಷೆಗಳಲ್ಲೇ ಜಾಸ್ತಿ. ಹಿಂದಿಯಲ್ಲೂ ‘ರಾಮ್ ಶ್ಯಾಮ್ ಸೇ ಲಂಬಾ ಹೈ’ ಅಂದರೆ ‘ಲಂಬಾ’ ಬದಲಾಗುವುದಿಲ್ಲ. ಲಿಯೋನ್ ಸ್ಟಾಸೆನ್ ಎಂಬ ಡಚ್ ಭಾಷಾವಿಜ್ಞಾನಿ ಭಾಷಾರಚನೆಗಳ ಜಾಗತಿಕ ಅಟ್ಲಾಸಿಗಾಗಿ 167 ಭಾಷೆಗಳನ್ನು ನೋಡಿದರು. ಯಾರೊಂದಿಗೆ ಹೋಲಿಸುತ್ತೇವೋ ಅವರ ಹೆಸರಿಗೆ ಯಾವ ಗುರುತು ಹಾಕುತ್ತಾರೆ ಎಂಬುದು ಅವರ ಪ್ರಶ್ನೆ. 78 ಭಾಷೆಗಳಲ್ಲಿ ‘ಇಂದ’, ‘ಗೆ’, ‘ಮೇಲೆ’ ಥರದ, ಜಾಗ ಅಥವಾ ದಿಕ್ಕು ಹೇಳುವ ಗುರುತು ಸಿಕ್ಕಿತು. 33ರಲ್ಲಿ ‘ಮೀರು’ ಎಂಬ ಅರ್ಥದ ಕ್ರಿಯಾಪದ ಇತ್ತು. ಪಶ್ಚಿಮ ಆಫ್ರಿಕಾದ ಯೊರುಬಾದಲ್ಲಿ ‘ಇವನು ಎತ್ತರ ಮೀರುತ್ತಾನೆ ಅವನನ್ನು’ ಎಂಬಂಥ ವಾಕ್ಯ ಕಟ್ಟುತ್ತಾರೆ. ಇನ್ನು 34 ಭಾಷೆಗಳಲ್ಲಿ ಹೋಲಿಕೆಗೆ ಎರಡು ವಾಕ್ಯಗಳನ್ನು ಪಕ್ಕಪಕ್ಕ ಇಡುತ್ತಾರೆ: ‘ಇವನು ಎತ್ತರ, ಅವನು ಗಿಡ್ಡ.’ ಈ ಕೊನೆಯ ಗುಂಪಿನ ಬಗ್ಗೆ ಆಮೇಲೆ ಹೇಳುತ್ತೇನೆ. ನಿಜವಾದ ತಕರಾರು ಇರುವುದು ಅಲ್ಲೇ.

ಈಗ ಗಂಟಿಗೆ ಬರೋಣ. ರವಿ 4 ಅಡಿ 11 ಇಂಚು, ಗೋಪಿ 4 ಅಡಿ 10 ಇಂಚು ಅಂತ ಇಟ್ಟುಕೊಳ್ಳಿ. ಇಬ್ಬರೂ ದೊಡ್ಡವರು, ಬೆಳೆಯುವ ವಯಸ್ಸು ದಾಟಿದವರು. ಇವರಲ್ಲಿ ಯಾರನ್ನೂ ‘ಎತ್ತರ’ ಅಂತ ಯಾರೂ ಕರೆಯುವುದಿಲ್ಲ. ಆದರೆ ‘ರವಿ ಗೋಪಿಗಿಂತ ಎತ್ತರ’ ಅಂದರೆ ಅದು ನೂರಕ್ಕೆ ನೂರು ನಿಜ. ಹಾಗಾದರೆ ‘ಎತ್ತರ’ ಎಂಬ ಪದದ ಅರ್ಥ ‘ಎತ್ತರವಾಗಿರುವವರ ಗುಂಪಿಗೆ ಸೇರಿದ’ ಎಂದಷ್ಟೇ ಆಗಿರಲು ಸಾಧ್ಯವಿಲ್ಲ.

ಡಿಗ್ರಿ ಸೆಮ್ಯಾಂಟಿಕ್ಸ್ ಎಂಬ ಪಂಥದ ಉತ್ತರ ಹೀಗಿದೆ. 1976ರಲ್ಲಿ ಮ್ಯಾಕ್ಸ್ ಕ್ರೆಸ್‌ವೆಲ್ ಬರೆದ ಲೇಖನದಿಂದ ಈ ದಾರಿ ಗಟ್ಟಿಯಾಯಿತು. ಇಲ್ಲಿ ‘ಎತ್ತರ’ ಒಬ್ಬ ವ್ಯಕ್ತಿಯನ್ನು ಅಳತೆಗೋಲಿನ ಒಂದು ಮಟ್ಟಕ್ಕೆ ಜೋಡಿಸುತ್ತದೆ. ಹೋಲಿಕೆ ಅಂದರೆ ಎರಡು ಮಟ್ಟಗಳ ನಡುವಿನ ಸಂಬಂಧ:

ಎತ್ತರ(ರವಿ) > ಎತ್ತರ(ಗೋಪಿ)

ಸುಮ್ನೆ ‘ರವಿ ಎತ್ತರ’ ಅಂದಾಗ ಬಲಗಡೆ ಗೋಪಿಯ ಬದಲು ಆ ಸಂದರ್ಭಕ್ಕೆ ತಕ್ಕ ಒಂದು ಗೆರೆ ಬರುತ್ತದೆ. ಬಾಸ್ಕೆಟ್‌ಬಾಲ್ ತಂಡದಲ್ಲಿ ಆ ಗೆರೆ ಮೇಲೇರುತ್ತದೆ, ಒಂದನೇ ಕ್ಲಾಸಿನಲ್ಲಿ ಕೆಳಗಿಳಿಯುತ್ತದೆ.

ಇದಕ್ಕೆ ಎದುರಾಗಿ 1980ರಲ್ಲಿ ಯೂವನ್ ಕ್ಲೈನ್ ಇನ್ನೊಂದು ಉತ್ತರ ಕೊಟ್ಟರು. ಮಟ್ಟ, ಅಳತೆಗೋಲು ಏನೂ ಬೇಡ. ‘ಎತ್ತರ’ ಎಂಬ ಪದ ಒಂದು ಗುಂಪನ್ನು ಎರಡು ಭಾಗ ಮಾಡುತ್ತದೆ, ಅಷ್ಟೇ. ಯಾವುದಾದರೂ ಒಂದು ರೀತಿಯಲ್ಲಿ ಗೆರೆ ಎಳೆದಾಗ ರವಿ ಎತ್ತರದವರ ಕಡೆ ಬಂದು, ಗೋಪಿ ಈ ಕಡೆ ಉಳಿಯುತ್ತಾನೆ ಅಂದರೆ ರವಿ ಗೋಪಿಗಿಂತ ಎತ್ತರ ಅಂತ ಅರ್ಥ. ಕೇಳಲು ಸೊಗಸಾಗಿದೆ, ಸಾಮಾನು ಕಡಿಮೆ. ಆದರೆ ‘ಒಂದು ಇಂಚು’ ಅನ್ನುವುದನ್ನು ಎಲ್ಲಿ ಇಡುವುದು ಎಂಬಲ್ಲಿ ಇದು ಏದುಸಿರು ಬಿಡುತ್ತದೆ. ಗೆರೆಯ ಆಚೆ ಈಚೆ ಅಂದಮಾತ್ರಕ್ಕೆ ಎಷ್ಟು ದೂರ ಅನ್ನುವುದು ಗೊತ್ತಾಗುವುದಿಲ್ಲ.

ಹಾಗಾಗಿ ಪ್ರತ್ಯಯ ಕಾಣದ ಭಾಷೆಯೊಂದು ಎದುರಿಗೆ ಬಂದಾಗ ನಾವು ಮುಖ್ಯವಾಗಿ ಎರಡು ಪರೀಕ್ಷೆ ಮಾಡುತ್ತೇವೆ. ಒಂದು, ವ್ಯತ್ಯಾಸದ ಅಳತೆಯನ್ನು ವಾಕ್ಯದೊಳಗೆ ಸೇರಿಸಬಹುದೇ? ಎರಡು, ಕೂದಲೆಳೆಯ ವ್ಯತ್ಯಾಸ ಇದ್ದಾಗಲೂ ಆ ವಾಕ್ಯ ನಡೆಯುತ್ತದೆಯೇ? ಎರಡನೆಯ ಪರೀಕ್ಷೆಯನ್ನು ಚೆನ್ನಾಗಿ ಬಳಕೆಗೆ ತಂದವರು ಕ್ರಿಸ್ ಕೆನಡಿ. ಇಂಗ್ಲಿಷಿನಲ್ಲಿ ‘ಗೋಪಿಗೆ ಹೋಲಿಸಿದರೆ ರವಿ ಎತ್ತರ’ ಎಂಬ ಅರ್ಥದ ವಾಕ್ಯ ಹೇಳಬೇಕಾದರೆ ಇಬ್ಬರ ನಡುವೆ ಕಣ್ಣಿಗೆ ಹೊಡೆಯುವಷ್ಟು ಅಂತರ ಇರಬೇಕು. ಅರ್ಧ ಸೆಂಟಿಮೀಟರ್ ಅಂತರಕ್ಕೆ ಅದು ಒಗ್ಗುವುದಿಲ್ಲ, ಆಗ ‘ಟಾಲರ್’ ಬೇಕೇ ಬೇಕು. ಆ ವಾಕ್ಯದೊಳಗೆ ‘ಎರಡು ಇಂಚು’ ಸೇರಿಸಿದರೂ ಕೆಡುತ್ತದೆ. ರವಿಯ ಇಡೀ ದೇಹವೇ ಎರಡು ಇಂಚು ಅಂದಂತಾಗುತ್ತದೆ!

ಕನ್ನಡದಲ್ಲಿ ‘ಗಿಂತ’ ಇರುವ ವಾಕ್ಯ ಈ ಎರಡು ಪರೀಕ್ಷೆಯನ್ನೂ ಆರಾಮಾಗಿ ಪಾಸು ಮಾಡುತ್ತದೆ. ‘ಈ ಕೋಲು ಅದಕ್ಕಿಂತ ಒಂದು ಮಿಲಿಮೀಟರ್ ಉದ್ದ’ ಅನ್ನಲು ಯಾರಿಗೂ ತೊಂದರೆ ಇಲ್ಲ. ಆದರೆ ‘ಗಿಂತ’ವನ್ನು ಕಿತ್ತು ಪಕ್ಕಕ್ಕಿಟ್ಟರೆ ಏನಾಗುತ್ತದೆ? ಹೋಲಿಕೆಯೂ ಅದರ ಜೊತೆ ಹೋಗಬೇಕು ತಾನೆ?

ಹೋಗುವುದಿಲ್ಲ. ಚಪ್ಪಲಿ ಅಂಗಡಿಯಲ್ಲಿ ಕೂತು ಕೇಳಿಸಿಕೊಳ್ಳಿ. ‘ಒಂದು ನಂಬರ್ ದೊಡ್ಡದು ಕೊಡಿ.’ ‘ಸ್ವಲ್ಪ ಚಿಕ್ಕದು ಇದೆಯಾ?’ ಇಲ್ಲಿ ‘ಗಿಂತ’ ಎಲ್ಲೂ ಇಲ್ಲ. ಆದರೂ ಅಂಗಡಿಯವನು ನಿಮ್ಮ ಕಾಲಲ್ಲಿರುವ ಜೋಡಿಗೆ ಹೋಲಿಸಿಯೇ ಮುಂದಿನದನ್ನು ತೆಗೆಯುತ್ತಾನೆ. ‘ಅವನು ಎರಡು ವರ್ಷ ದೊಡ್ಡವನು’ ಅಂದರೆ ಎರಡು ವರ್ಷದ ಮಗು ಅಂತ ಯಾರೂ ತಿಳಿಯುವುದಿಲ್ಲ. ಯಾರಿಗೋ ಎರಡು ವರ್ಷ ಹಿರಿಯ ಅಂತಲೇ ಅರ್ಥ. ‘ಇವೆರಡರಲ್ಲಿ ಯಾವುದು ಉದ್ದ?’ ಅಂತ ಕೇಳಿದಾಗ ಒಂದು ಮಿಲಿಮೀಟರ್ ಉದ್ದ ಇರುವ ಕೋಲನ್ನು ಎತ್ತಿ ‘ಇದು’ ಅನ್ನುತ್ತೇವೆ. ಇನ್ನು ‘ಹೋಲಿಸಿದರೆ’ ಸಂಗತಿ. ‘ಕಳೆದ ವರ್ಷಕ್ಕೆ ಹೋಲಿಸಿದರೆ ಈ ಸಲ ಮಳೆ ಎರಡು ಇಂಚು ಜಾಸ್ತಿ’ ಎಂಬ ವಾಕ್ಯ ಯಾವ ಪತ್ರಿಕೆಯಲ್ಲಾದರೂ ಬರಬಹುದು. ಇಂಗ್ಲಿಷಿನಲ್ಲಿ ಇದೇ ಜಾಗದಲ್ಲಿ ಹೋಲಿಕೆಯ ಪದ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ.

ನನ್ನ ಅಭಿಪ್ರಾಯ ಇದರಿಂದಲೇ ಬಂದದ್ದು. ಹೋಲಿಕೆಯ ಕೆಲಸವನ್ನು ‘ಗಿಂತ’ ಮಾಡುತ್ತಿಲ್ಲ. ಅದು ಯಾವ ಮಟ್ಟದಿಂದ ಅಳೆಯಲು ಶುರು ಮಾಡಬೇಕು ಅಂತ ಹೇಳುತ್ತದೆ, ಅಷ್ಟೇ. ಅದು ಗೊತ್ತಿದ್ದರೆ ಬಿಟ್ಟುಬಿಡಬಹುದು. ಎರಡು ಮಟ್ಟಗಳನ್ನು ಜೋಡಿಸುವ ‘>’ ಗುರುತು ವಾಕ್ಯದಲ್ಲಿ ಸದ್ದಿಲ್ಲದೆ ಕೂತಿದೆ. ಇದಕ್ಕೆ ಒಂದು ಆಕ್ಷೇಪ ಬರುತ್ತದೆ: ‘ಐದಡಿ ಎತ್ತರದ ಗೋಡೆ’ ಅಂದಾಗ ಹೋಲಿಕೆ ಎಲ್ಲಿದೆ? ಇಲ್ಲ, ನಿಜ. ಆದರೆ ಅಲ್ಲಿ ‘ಎತ್ತರ’ ನಾಮಪದ, ಆ ಅಳತೆಯ ಹೆಸರು. ‘ದೊಡ್ಡ’, ‘ಚಿಕ್ಕ’ ಥರದ ಅಪ್ಪಟ ಗುಣಪದಗಳ ಮುಂದೆ ಅಳತೆ ಇಟ್ಟು ನೋಡಿ, ಪ್ರತಿ ಸಲವೂ ವ್ಯತ್ಯಾಸದ ಅರ್ಥವೇ ಬರುತ್ತದೆ.

ಕ್ರಿಯಾಪದಗಳನ್ನು ಮುಟ್ಟಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ‘ರವಿ ಗೋಪಿಗಿಂತ ಓದುತ್ತಾನೆ’ ಅಂದರೆ ವಾಕ್ಯ ಅರ್ಧಕ್ಕೆ ನಿಂತಂತೆ. ‘ಜಾಸ್ತಿ ಓದುತ್ತಾನೆ’ ಅಥವಾ ‘ಚೆನ್ನಾಗಿ ಓದುತ್ತಾನೆ’ ಅನ್ನಲೇಬೇಕು. ‘ಗಿಂತ’ ತಾನೇ ಹೋಲಿಸುವ ಪದವಾಗಿದ್ದರೆ ಇಲ್ಲೂ ಹೋಲಿಸಬಹುದಿತ್ತು. ‘ಓದು’ ಎಂಬ ಪದಕ್ಕೆ ತನ್ನದೇ ಅಳತೆಗೋಲು ಇಲ್ಲ, ಅದಕ್ಕೇ ‘ಜಾಸ್ತಿ’ ಒಂದನ್ನು ತಂದುಕೊಡುತ್ತದೆ. ‘ಜಾಸ್ತಿ’ಯನ್ನು ಇಂಗ್ಲಿಷಿನ ‘ಮೋರ್’ ಅಂತ ತಿಳಿಯುವ ಹಾಗೂ ಇಲ್ಲ. ‘ಸಾರಿಗೆ ಉಪ್ಪು ಜಾಸ್ತಿ’ ಅಂದಾಗ ಯಾವ ಇನ್ನೊಂದು ಸಾರೂ ಎದುರಿಗಿಲ್ಲ.

ಎಲ್ಲವೂ ಇಷ್ಟು ಸರಾಗ ಅಲ್ಲ. ಮೇಜೊಂದು ಬಾಗಿಲಲ್ಲಿ ಸಿಕ್ಕಿಕೊಂಡಿದೆ ಅನ್ನಿ. ಇಂಗ್ಲಿಷಿನಲ್ಲಿ ಮೇಜಿನ ಉದ್ದ, ಬಾಗಿಲಿನ ಅಗಲ ಎರಡನ್ನೂ ಗುಣಪದಗಳಲ್ಲೇ ಇಟ್ಟು ಒಂದೇ ವಾಕ್ಯದಲ್ಲಿ ಹೋಲಿಸಬಹುದು. ಕನ್ನಡದಲ್ಲಿ ‘ಬಾಗಿಲು ಅಗಲ ಇರುವುದಕ್ಕಿಂತ ಮೇಜು ಉದ್ದ’ ಅಂದರೆ ಕಿವಿಗೆ ಕಿರಿಕಿರಿ. ‘ಬಾಗಿಲಿನ ಅಗಲಕ್ಕಿಂತ ಮೇಜಿನ ಉದ್ದ ಜಾಸ್ತಿ’ ಅನ್ನುತ್ತೇವೆ, ಅಂದರೆ ನಾಮಪದಗಳ ದಾರಿ ಹಿಡಿಯುತ್ತೇವೆ. ಜಪಾನಿ ಭಾಷೆಯಲ್ಲೂ ಇಂಥ ಗುಣಪದದ ವಾಕ್ಯ ನಡೆಯುವುದಿಲ್ಲ ಎಂದು ಸಿಗ್ರಿಡ್ ಬೆಕ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಎಲ್ಲ ಭಾಷೆಗಳೂ ಮಟ್ಟಗಳನ್ನು ಒಂದೇ ಥರ ಬಳಸುವುದಿಲ್ಲ ಎಂಬ ಚರ್ಚೆಗೆ ಅದು ಬಲ ಕೊಟ್ಟಿತು.

ಈಗ ಬಾಕಿ ಇಟ್ಟಿದ್ದ ಗುಂಪಿಗೆ ಬರುತ್ತೇನೆ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ಗಡಿಯಲ್ಲಿ ಟಾಹೋ ಸರೋವರ ಇದೆ. ಅದರ ಸುತ್ತಲಿನ ಮೂಲನಿವಾಸಿಗಳ ಭಾಷೆ ವಾಶೋ. ಈಗ ಕೆಲವೇ ಹಿರಿಯರು ಅದನ್ನು ಆಡುತ್ತಾರೆ. ಅಲ್ಲಿ ‘ಗಿಂತ’ದಂಥ ಗುರುತೂ ಇಲ್ಲ, ಹೋಲಿಕೆಯ ಪ್ರತ್ಯಯವೂ ಇಲ್ಲ. ‘ಗಂಡಸು ಎತ್ತರ, ಹೆಂಗಸು ಎತ್ತರ ಅಲ್ಲ’ ಎಂದು ಎರಡು ವಾಕ್ಯ ಇಡುತ್ತಾರೆ. ಇಲ್ಲೂ ‘>’ ಸದ್ದಿಲ್ಲದೆ ಕೂತಿರಬಹುದೇ? ರಯನ್ ಬೋಚ್ನಾಕ್ ಇದನ್ನು ಪರೀಕ್ಷೆ ಮಾಡಿದರು. ಅಂತರ ಎದ್ದು ಕಾಣುವಾಗ ಆ ಜೋಡಿವಾಕ್ಯ ಸಲೀಸಾಗಿ ಬಂತು. ಕೂದಲೆಳೆಯ ಅಂತರ ಇದ್ದಾಗ ಮಾತಾಡುವವರು ಅದನ್ನು ಒಪ್ಪಲಿಲ್ಲ. ವಾಶೋದಲ್ಲಿ ಗುಣಪದಗಳು ಮಟ್ಟಗಳನ್ನು ಮುಟ್ಟುವುದೇ ಇಲ್ಲ ಎಂದು ಅವರು 2015ರಲ್ಲಿ ವಾದಿಸಿದರು. ಪಾಪುವಾ ನ್ಯೂಗಿನಿಯ ಮೋಟು ಭಾಷೆಯ ಬಗ್ಗೆ ಬೆಕ್ ತಂಡ 2009ರಲ್ಲೇ ಇಂಥ ಮಾತು ಹೇಳಿತ್ತು. ಅಲ್ಲೂ ‘ಮೇರಿ ಎತ್ತರ, ಆದರೆ ಫ್ರಾಂಕ್ ಗಿಡ್ಡ’ ಎಂಬಂಥ ವಾಕ್ಯಗಳೇ.

ಇಷ್ಟಕ್ಕೆ ವಾಶೋ ಜನರಿಗೆ ಸಣ್ಣ ಅಂತರ ಕಾಣುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅವರಿಗೆ ಕಾಣುತ್ತದೆ, ಅದಕ್ಕೇ ಆ ಸಂದರ್ಭದಲ್ಲಿ ಆ ವಾಕ್ಯ ತಪ್ಪು ಅನ್ನುತ್ತಾರೆ. ಪ್ರಶ್ನೆ ವ್ಯಾಕರಣದ್ದು ಮಾತ್ರ.

ಈ ಕೆಲಸ ಕೆಡುವುದು ಹೆಚ್ಚಾಗಿ ಕೇಳುವ ರೀತಿಯಲ್ಲಿ. ಎರಡು ಭಾಷೆ ಬಲ್ಲವರ ಮುಂದೆ ಇಂಗ್ಲಿಷ್ ವಾಕ್ಯ ಇಟ್ಟು ‘ಇದನ್ನು ನಿಮ್ಮ ಭಾಷೆಯಲ್ಲಿ ಹೇಳಿ’ ಅಂದರೆ ಅವರು ಪಾಪ ಹೇಗಾದರೂ ಹೊಂದಿಸಿ ಕೊಡುತ್ತಾರೆ. ಕನ್ನಡದಲ್ಲಿ ‘ಹೆಚ್ಚು ಎತ್ತರವಾದ’ ಎಂಬ ಪಠ್ಯಪುಸ್ತಕದ ಮಾತು ಬರುವುದೂ ಹಾಗೇ. ಅದನ್ನು ನಂಬಿ ‘ಕನ್ನಡದ ಹೋಲಿಕೆಯ ಪ್ರತ್ಯಯ: ಹೆಚ್ಚು’ ಅಂತ ಬರೆದುಕೊಂಡರೆ ಮುಂದಿನದೆಲ್ಲ ದಾರಿ ತಪ್ಪುತ್ತದೆ. ಅದರ ಬದಲು ಚಿತ್ರಗಳನ್ನು ಇಡಬೇಕು. ಒಂದೇ ಜೋಡಿ ಕೋಲು, ಮೊದಲ ಚಿತ್ರದಲ್ಲಿ ಒಂದು ಗೇಣು ಅಂತರ, ಎರಡನೆಯದರಲ್ಲಿ ಬೆರಳಗಲ, ಮೂರನೆಯದರಲ್ಲಿ ಉಗುರಿನಷ್ಟು. ಅವರೇ ಹೇಳಿದ ವಾಕ್ಯವನ್ನು ಪ್ರತಿ ಚಿತ್ರಕ್ಕೂ ಹಿಡಿದು ‘ಇಲ್ಲಿ ಇದು ನಡೆಯುತ್ತಾ?’ ಎಂದು ಕೇಳಬೇಕು. ಮೂರನೇ ಚಿತ್ರದಲ್ಲಿ ಅವರು ತಡವರಿಸಿ ಬೇರೆ ಮಾತು ಹುಡುಕಿದರೆ ಅದನ್ನೂ ಬರೆದುಕೊಳ್ಳಬೇಕು. ಬೇಕಾದ ಉತ್ತರ ಹಲವು ಸಲ ಆ ಬೇರೆ ಮಾತಿನಲ್ಲೇ ಇರುತ್ತದೆ.