ಹೊಂಡದ ಹಾಳೆಯನ್ನು ಬಿಗಿಯಾಗಿ ಎಳೆಯಬೇಡಿ

ಹೊಸ ಕೃಷಿ ಹೊಂಡ. ಪಾಲಿಥಿನ್ ಹಾಳೆ ಹಾಸಿ ಇನ್ನೂ ಒಂದು ತಿಂಗಳಾಗಿರಲಿಲ್ಲ. ತುಂಬಿದ ನೀರು ದಿನಕ್ಕೆ ಗೇಣುದ್ದ ಇಳಿಯುತ್ತಾ ಹೋಗಿ, ತಳದಿಂದ ಮೊಣಕಾಲುದ್ದ ಉಳಿದಾಗ ನಿಂತುಬಿಟ್ಟಿತ್ತು. ಆ ರೈತರು ನನ್ನನ್ನು ಕರೆದಾಗ ಕೇಳಿದ್ದು ಒಂದೇ ಮಾತು: "ಹಾಳೆ ಕಳಪೆದು ಕೊಟ್ಟಿದಾರೆ, ಅಲ್ವಾ ಸಾರ್?"

ಹಾಳೆ ಕಳಪೆಯಾಗಿರಲಿಲ್ಲ. ನೀರು ಇಳಿಯುತ್ತಾ ಬಂದು ಒಂದು ಮಟ್ಟದಲ್ಲಿ ನಿಂತರೆ ತೂತು ಆ ಮಟ್ಟದಲ್ಲೇ ಇದೆ ಎಂದರ್ಥ. ಹಾಗಾಗಿ ಹುಡುಕಾಟ ಕಷ್ಟವಾಗಲಿಲ್ಲ. ನೀರಿನ ಅಂಚಿಗೇ ಸುತ್ತ ನಡೆದು ನೋಡಿದೆವು. ಇಳಿಜಾರು ತಳಕ್ಕೆ ಸೇರುವ ಮೂಲೆಗಿಂತ ತುಸು ಮೇಲೆ, ಬೆಸುಗೆಯ ಪಕ್ಕಕ್ಕೇ, ಹಾಳೆ ಒಂದು ಮೊಳದಷ್ಟು ಸೀಳಿತ್ತು. ಆ ಮೂಲೆಯಲ್ಲಿ ಹಾಳೆ ಮಣ್ಣಿಗೆ ತಾಗಿಯೇ ಇರಲಿಲ್ಲ. ಕೈಯಿಂದ ತಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತಿತ್ತು.

ಇಲ್ಲಿ ತಿಳಿಯಬೇಕಾದ ವಿಷಯ ಒಂದಿದೆ. ಹಾಳೆಯ ಕೆಲಸ ನೀರು ಸೋರದಂತೆ ತಡೆಯುವುದು ಮಾತ್ರ, ಭಾರ ಹೊರುವುದಲ್ಲ. ಎರಡೂವರೆ ಮೀಟರ್ ನೀರು ನಿಂತರೆ ತಳದ ಪ್ರತಿ ಚದರ ಮೀಟರ್ ಮೇಲೆ ಎರಡೂವರೆ ಟನ್ ಭಾರ ಬೀಳುತ್ತದೆ. ಹಾಳೆಯ ಹಿಂದೆ ಗಟ್ಟಿ ಮಣ್ಣಿದ್ದರೆ ಆ ಭಾರವೆಲ್ಲ ಮಣ್ಣಿಗೆ ಹೋಗುತ್ತದೆ, ಹಾಳೆಗೆ ಏನೂ ಅನ್ನಿಸುವುದಿಲ್ಲ. ಹಿಂದೆ ಟೊಳ್ಳಿದ್ದರೆ ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಒಂದೇ ಅಷ್ಟನ್ನೂ ಹೊರಬೇಕು. ಅದು ಹಿಗ್ಗುತ್ತದೆ, ಹಿಗ್ಗಿ ಹಿಗ್ಗಿ ಯಾವ ಜಾಗ ದುರ್ಬಲವೋ ಅಲ್ಲಿ ಬಿಡುತ್ತದೆ. ಇಳಿಜಾರು, ಹಾಳೆಯ ಜೋಡಣೆ, ಹಾಳೆಯ ತುದಿಯನ್ನು ಹೂಳಲು ದಂಡೆಯ ಮೇಲೆ ಸುತ್ತಲೂ ತೋಡುವ ಆಂಕರ್ ಟ್ರೆಂಚ್, ಈ ಮೂರನ್ನೂ ನಾನು ಇದೇ ಲೆಕ್ಕದಲ್ಲಿ ನೋಡುತ್ತೇನೆ.

ಮೊದಲು ಇಳಿಜಾರು. ಮಣ್ಣು ಹಾಳೆಯಿಲ್ಲದೆಯೂ ಕುಸಿಯದೆ ನಿಲ್ಲಬೇಕು. ಹಾಳೆ ಹಾಸಿದರೆ ದಂಡೆ ನಿಲ್ಲುತ್ತದೆ ಎಂದು ಕಡಿದಾಗಿ ಅಗೆಸುವವರಿದ್ದಾರೆ, ಇದು ತಪ್ಪು. ಸಾಧಾರಣ ಗೋಡು ಮಣ್ಣಿನಲ್ಲಿ 1 ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಡ್ಡ ಬಿಡಿ. ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಎರೆ ಮಣ್ಣಿಗೆ ಎರಡು ಮೀಟರ್, ಮರಳು ಮಣ್ಣಿಗೆ ಅದಕ್ಕಿಂತಲೂ ಜಾಸ್ತಿ ಬೇಕಾಗುತ್ತದೆ. ಅಗೆಯುವ ಯಂತ್ರದ ಚಾಲಕರಿಗೆ ಬಾಯಲ್ಲಿ ಹೇಳಿದರೆ ಸಾಲದು. ಒಂದೂವರೆ ಮೀಟರ್ ಅಡ್ಡ, ಒಂದು ಮೀಟರ್ ಎತ್ತರದ ಮರದ ತ್ರಿಕೋನ ಚೌಕಟ್ಟು ಮಾಡಿಸಿ, ಇಳಿಜಾರಿನ ಮೇಲಿಟ್ಟು ಮಟ್ಟಗೋಲಿನಿಂದ ಆಗಾಗ ನೋಡುತ್ತಿರಿ. ಯಂತ್ರದ ಹಲ್ಲಿನ ಗೆರೆಗಳನ್ನು ಕೈಯಲ್ಲೇ ಕೆರೆದು ನಯ ಮಾಡಬೇಕು. ಕಲ್ಲು, ಬೇರು ಕಿತ್ತ ಗುಳಿಗಳಿಗೆ ಜರಡಿ ಹಿಡಿದ ಮಣ್ಣು ತುಂಬಿ, ನೀರು ಚಿಮುಕಿಸಿ ಬಡಿಯಬೇಕು. ಇಳಿಜಾರು ತಳಕ್ಕೆ ಸೇರುವಲ್ಲಿ ಚೂಪು ಮೂಲೆ ಬಿಡದೆ ಬಾಣಲೆಯ ಒಳಬದಿಯ ಹಾಗೆ ದುಂಡಗೆ ಮಾಡಿ. ಚೂಪು ಮೂಲೆಗೆ ಹಾಳೆ ಪೂರ್ತಿ ಹೋಗಿ ಕೂರುವುದೇ ಇಲ್ಲ, ಟೊಳ್ಳು ಹುಟ್ಟುವುದೇ ಅಲ್ಲಿ.

ಈಗ ಹಾಳೆಯ ಅಳತೆ. ಆ ರೈತರ ಹೊಂಡ ಮೇಲೆ 21 ಮೀಟರ್ ಚೌಕ, ಆಳ 3 ಮೀಟರ್, ಇಳಿಜಾರು ಒಂದಕ್ಕೆ ಒಂದೂವರೆ. ಅಂದರೆ ಒಂದೊಂದು ಬದಿಗೆ ನಾಲ್ಕೂವರೆ ಮೀಟರ್ ಒಳಗೆ ಬಂದು ತಳ 12 ಮೀಟರ್ ಚೌಕ ಉಳಿಯುತ್ತದೆ. ಇಳಿಜಾರಿನ ಮೇಲೆ ಟೇಪು ಹಿಡಿದರೆ ಉದ್ದ 3 ಮೀಟರ್ ಅಲ್ಲ, ನಾಲ್ಕೂವರೆಯೂ ಅಲ್ಲ, 5.4 ಮೀಟರ್. ಎರಡು ಬದಿಗೆ 10.8. ಮೇಲಿನ ಅಂಚಿನಿಂದ ಟ್ರೆಂಚ್‌ವರೆಗೆ ಅರ್ಧ ಮೀಟರ್, ಟ್ರೆಂಚಿನೊಳಗೆ ಇಳಿಯಲು ಅರ್ಧ ಮೀಟರ್, ಅದರ ತಳದಲ್ಲಿ ಮಲಗಲು ಇನ್ನರ್ಧ. ಒಂದು ಬದಿಗೆ ಒಂದೂವರೆ, ಎರಡು ಬದಿಗೆ 3 ಮೀಟರ್. ಎಲ್ಲ ಕೂಡಿದರೆ 25.8 ಮೀಟರ್ ಆಯಿತು. ಇದರ ಮೇಲೆ ಸಡಿಲಕ್ಕೆಂದು ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು ಸೇರಿಸಿದರೆ 26.5 ಮೀಟರ್ ಚೌಕದ ಹಾಳೆ ಬೇಕು. ಅವರಿಗೆ ಬಂದಿದ್ದು 25 ಮೀಟರ್.

ಇನ್ನೊಂದು ಮಾತು, ತುಂಬಾ ಜನ ಇದನ್ನು ಕೇಳಿ ನಂಬುವುದಿಲ್ಲ. ಮೇಲಿನ ಬಾಯಿ ಅಷ್ಟೇ ಇಟ್ಟು ಇಳಿಜಾರನ್ನು ಕಡಿದಾಗಿ ಮಾಡಿದರೆ ಹಾಳೆಯಲ್ಲಿ ಉಳಿತಾಯವೇನೂ ಆಗುವುದಿಲ್ಲ. ಇದೇ ಹೊಂಡವನ್ನು ಒಂದಕ್ಕೆ ಒಂದು ಇಳಿಜಾರಿನಲ್ಲಿ ಅಗೆದರೆ ತಳ 15 ಮೀಟರ್, ಎರಡು ಬದಿ ಸೇರಿ ಸುಮಾರು 8.5, ಟ್ರೆಂಚಿಗೆ 3. ಒಟ್ಟು 26.5, ಅದೂ ಸಡಿಲ ಸೇರಿಸುವ ಮೊದಲೇ. ನೀರು ಹೆಚ್ಚು ಹಿಡಿಯುತ್ತದೆ ನಿಜ, ಆದರೆ ದಂಡೆ ಕುಸಿಯುವ ಭಯವೂ ಜೊತೆಗೆ ಬರುತ್ತದೆ.

ಹಾಳೆ ಮುಕ್ಕಾಲು ಮೀಟರ್ ಗಿಡ್ಡ ಇದ್ದಿದ್ದರೂ ಏನಾದರೂ ಮಾಡಬಹುದಿತ್ತು. ಒಂದೂವರೆ ಮೀಟರ್ ಗಿಡ್ಡ ಇದ್ದಿದ್ದರಿಂದ ಹಾಸುವವರು ನಾಲ್ಕೂ ಕಡೆಯಿಂದ ಜಗ್ಗಿ ಜಗ್ಗಿ ಟ್ರೆಂಚಿಗೆ ಮುಟ್ಟಿಸಿದ್ದರು. ಒಂದು ಸುಕ್ಕೂ ಇಲ್ಲದೆ ನೋಡಲು ಚೆಂದ ಕಾಣುತ್ತಿತ್ತಂತೆ. ಅದೂ ಮಧ್ಯಾಹ್ನ ಎರಡು ಗಂಟೆಗೆ, ಬಿರುಬಿಸಿಲಲ್ಲಿ. ಕಪ್ಪು ಹಾಳೆ ಬಿಸಿಲಿಗೆ 60 ಡಿಗ್ರಿವರೆಗೂ ಕಾಯುತ್ತದೆ, ಕಾದಾಗ ಉದ್ದವಾಗುತ್ತದೆ. ರಾತ್ರಿ 20 ಡಿಗ್ರಿಗೆ ಇಳಿದರೆ 26 ಮೀಟರ್ ಹಾಳೆ 15ರಿಂದ 20 ಸೆಂಟಿಮೀಟರ್ ಕುಗ್ಗುತ್ತದೆ. ತುದಿಗಳು ಟ್ರೆಂಚಿನಲ್ಲಿ ಸಿಕ್ಕಿಕೊಂಡಿವೆ, ಅವು ಜರುಗುವ ಹಾಗಿಲ್ಲ. ಹಾಗಾಗಿ ಹಾಳೆ ಕುಗ್ಗಿ ಅಡ್ಡದಾರಿ ಹಿಡಿಯುತ್ತದೆ, ಕೆಳಗಿನ ಮೂಲೆಯನ್ನು ಬಿಟ್ಟು ಮೇಲೇಳುತ್ತದೆ. ಆ ಟೊಳ್ಳಿನ ಮೇಲೆ ನೀರು ಕೂತಿತು.

ಸೀಳು ಬೆಸುಗೆಯ ಪಕ್ಕದಲ್ಲೇ ಬಂದಿದ್ದಕ್ಕೂ ಕಾರಣವಿದೆ. ಹಾಳೆಯ ಎರಡು ಪಟ್ಟಿಗಳನ್ನು ಸೇರಿಸಿದ ಜೋಡಣೆ ಇಳಿಜಾರಿನ ಬುಡದಲ್ಲಿ ಅಡ್ಡಡ್ಡ ಹೋಗಿತ್ತು. ಇಳಿಜಾರಿನಲ್ಲಿ ಹಾಳೆಯ ಎಳೆತ ಯಾವಾಗಲೂ ಮೇಲಿನಿಂದ ಕೆಳಗೆ. ಜೋಡಣೆಯೂ ಮೇಲಿನಿಂದ ಕೆಳಗೆ ಇದ್ದರೆ ಎಳೆತ ಅದರ ಉದ್ದಕ್ಕೆ ಹರಿದು ಹೋಗುತ್ತದೆ. ಅಡ್ಡ ಇದ್ದರೆ ಪೂರ್ತಿ ಎಳೆತ ಬೆಸುಗೆಯನ್ನು ಬಿಡಿಸಲು ನೋಡುತ್ತದೆ. ಅಡ್ಡ ಜೋಡಣೆ ಬೇಕೇ ಬೇಕು ಅಂದರೆ ಅದನ್ನು ತಳದ ಸಮತಟ್ಟಿನಲ್ಲಿ, ಇಳಿಜಾರಿನ ಬುಡದಿಂದ ಒಂದೂವರೆ ಮೀಟರ್ ಒಳಗೆ ಇಡಿಸಿ. ಸಣ್ಣ ಹೊಂಡಕ್ಕಾದರೆ ಕಾರ್ಖಾನೆಯಲ್ಲೇ ಬೆಸೆದು ಒಂದೇ ಹಾಳೆಯಾಗಿ ಮಡಚಿ ಕಳಿಸಲು ಹೇಳಿ. ಆಗಲೂ ಬೆಸುಗೆ ಗೆರೆಗಳು ಯಾವ ದಿಕ್ಕಿಗೆ ಬರುತ್ತವೆ ಎಂದು ಮೊದಲೇ ಕೇಳಿಕೊಂಡು, ಎರಡು ಇಳಿಜಾರುಗಳಲ್ಲಾದರೂ ಅವು ಮೇಲಿಂದ ಕೆಳಗೆ ಬರುವಂತೆ ಹಾಸಬೇಕು. ಉಳಿದೆರಡರಲ್ಲಿ ಅಡ್ಡ ಬರುವುದು ತಪ್ಪುವುದಿಲ್ಲ, ಅಲ್ಲಿ ಸಡಿಲ ಇನ್ನಷ್ಟು ಧಾರಾಳವಾಗಿ ಬಿಡಿ.

ಹೊಲದಲ್ಲೇ ಬೆಸೆಯುವುದಾದರೆ ಒಂದರ ಮೇಲೊಂದು 10ರಿಂದ 15 ಸೆಂಟಿಮೀಟರ್ ಬರಬೇಕು. ಅಂಟು ಹಚ್ಚುತ್ತೇವೆ, ಟೇಪು ಸುತ್ತುತ್ತೇವೆ ಎಂದರೆ ಒಪ್ಪಬೇಡಿ. ಪಾಲಿಥಿನ್ ಮೇಣದ ಹಾಗೆ ಜಾರುವ ವಸ್ತು, ಅಂಟು ಅದಕ್ಕೆ ಹಿಡಿಯುವುದಿಲ್ಲ, ಬಿಸಿ ಬೆಸುಗೆಯೇ ಆಗಬೇಕು. ಬೆಸೆಯುವ ಮೊದಲು ಎರಡೂ ಅಂಚುಗಳ ಧೂಳು, ಇಬ್ಬನಿ ಒಣಬಟ್ಟೆಯಲ್ಲಿ ಒರೆಸಬೇಕು. ಪ್ರತಿದಿನ ಕೆಲಸ ಶುರುಮಾಡುವ ಮೊದಲು ತುಂಡು ಹಾಳೆಯಲ್ಲಿ ಒಂದು ಮೊಳ ಬೆಸೆದು, ತಣ್ಣಗಾದ ಮೇಲೆ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎರಡು ತುದಿ ಹಿಡಿದು ಸುಲಿಯುವಂತೆ ಎಳೆಯಿರಿ. ಹಾಳೆ ಹಿಗ್ಗಿ ಹರಿದರೆ ಬೆಸುಗೆ ಸರಿ ಇದೆ. ಬೆಸುಗೆಯೇ ಬಾಳೆನಾರಿನ ಹಾಗೆ ಬಿಚ್ಚಿಕೊಂಡರೆ ಯಂತ್ರದ ಬಿಸಿಯನ್ನೋ ವೇಗವನ್ನೋ ಸರಿಮಾಡಿಸಿ, ಅಲ್ಲಿವರೆಗೆ ಬೆಸೆಯುವವರನ್ನು ಹೊಂಡಕ್ಕೆ ಇಳಿಯಲು ಬಿಡಬೇಡಿ.

ಆಂಕರ್ ಟ್ರೆಂಚ್ ವಿಚಾರದಲ್ಲಿ ಜನ ಮಾಡುವ ತಪ್ಪು ಅದನ್ನು ವಿಪರೀತ ಗಟ್ಟಿ ಮಾಡುವುದು. ಇಲ್ಲಿ ಕಾಂಕ್ರೀಟ್ ಸುರಿದಿದ್ದರು. ಟ್ರೆಂಚ್ ಹಾಳೆಯನ್ನು ಜಾರದಂತೆ ಹಿಡಿಯಬೇಕು, ಆದರೆ ಎಳೆತ ಮಿತಿ ಮೀರಿದರೆ ಹಾಳೆ ಹರಿಯುವ ಮೊದಲು ಟ್ರೆಂಚಿನಿಂದ ಸ್ವಲ್ಪ ಜಾರಿ ಬರಬೇಕು. ಜಾರಿದ ಹಾಳೆಯನ್ನು ಮತ್ತೆ ಕೂರಿಸಬಹುದು, ನೀರಿನ ಅಡಿಯಲ್ಲಿ ಹರಿದಿದ್ದನ್ನು ಹುಡುಕುವುದೇ ಒಂದು ದೊಡ್ಡ ಕೆಲಸ. ಅರ್ಧ ಮೀಟರ್ ಅಗಲ, ಅರ್ಧ ಮೀಟರ್ ಆಳ ಸಾಕು. ಹೊಂಡದ ಕಡೆಯ ಅಂಚನ್ನು ಗುದ್ದಲಿಯ ಹಿಂಬದಿಯಿಂದ ಬಡಿದು ದುಂಡಗೆ ಮಾಡಿ, ಹಾಳೆ ಅಲ್ಲಿ ಮಡಚಿಕೊಂಡು ಕೊಯ್ಯಬಾರದು. ಹಾಳೆ ಒಳಗೋಡೆಗೆ ಅಂಟಿಕೊಂಡು ಇಳಿದು ತಳದಲ್ಲಿ ಮಲಗಲಿ. ಕಲ್ಲಿಲ್ಲದ ಮಣ್ಣನ್ನು ಗೇಣು ಗೇಣಾಗಿ ತುಂಬಿ ದಮ್ಮಸು ಮಾಡಿ. ಟ್ರೆಂಚಿನ ಹೊರಗೆ ಸಣ್ಣ ಬದು ಇರಲಿ, ಇಲ್ಲದಿದ್ದರೆ ಮಳೆನೀರು ಹಾಳೆಯ ಅಡಿಗೆ ನುಗ್ಗಿ ಇಳಿಜಾರಿನ ಮಣ್ಣನ್ನು ಕೊರೆಯುತ್ತದೆ.

ಮಣ್ಣು ಯಾವಾಗ ತುಂಬುವುದು ಅನ್ನುವುದು ಇಷ್ಟೇ ಮುಖ್ಯ. ಹಾಸಿದ ದಿನ ಟ್ರೆಂಚ್ ಮುಚ್ಚಬೇಡಿ. ಅಂಚಿನ ಮೇಲೆ ಮಣ್ಣು ತುಂಬಿದ ಚೀಲಗಳನ್ನು ಎರಡೆರಡು ಮೀಟರಿಗೊಂದರಂತೆ ಇಟ್ಟು ಗಾಳಿಗೆ ಏಳದ ಹಾಗೆ ಮಾಡಿ, ತಳಕ್ಕೆ ಮೊಣಕಾಲುದ್ದ ನೀರು ಬಿಡಿ. ನೀರು ಹಾಳೆಯನ್ನು ಮೂಲೆಗಳಿಗೆ ಒತ್ತಿ ಕೂರಿಸುತ್ತದೆ. ಬೇಕಾದಷ್ಟು ಹಾಳೆಯನ್ನು ಅದೇ ಮೇಲಿಂದ ಎಳೆದುಕೊಳ್ಳುತ್ತದೆ, ಚೀಲಗಳ ಅಡಿಯಲ್ಲಿ ಅಂಚು ಜಾರುವುದು ಕಣ್ಣಿಗೇ ಕಾಣುತ್ತದೆ. ಮಾರನೇ ದಿನ ಬೆಳಗಿನ ಜಾವ, ಹಾಳೆ ತಣ್ಣಗಿದ್ದು ಅತಿ ಗಿಡ್ಡವಾಗಿರುವಾಗ, ಟ್ರೆಂಚ್ ತುಂಬಿ. ಮಧ್ಯಾಹ್ನ ಅಲ್ಲಲ್ಲಿ ಅಲೆ ಅಲೆಯಾಗಿ ಸುಕ್ಕು ಬೀಳುತ್ತದೆ. ಬೀಳಲಿ, ಬೀಳಬೇಕು.

ಆ ಹೊಂಡವನ್ನು ಸರಿಮಾಡಲು ನಾಲ್ಕು ದಿನ ಹಿಡಿಯಿತು. ನೀರು ಖಾಲಿ ಮಾಡಿ, ಕಾಂಕ್ರೀಟ್ ಒಡೆದು ಹಾಳೆಯ ತುದಿಗಳನ್ನು ಬಿಡಿಸಿದೆವು. ಸೀಳಿನ ಸುತ್ತ ಒಂದು ಗೇಣು ಹೆಚ್ಚು ಬರುವಂತೆ, ಮೂಲೆ ದುಂಡಗೆ ಕತ್ತರಿಸಿದ ತೇಪೆ ಬೆಸೆದೆವು. ಹಾಳೆ ಗಿಡ್ಡವಿತ್ತಲ್ಲ, ಅದಕ್ಕೆ ಸುತ್ತಲೂ ಒಂದು ಮೀಟರ್ ಅಗಲದ ಪಟ್ಟಿಯನ್ನು ಸೇರಿಸಿ, ಆ ಜೋಡಣೆ ನೀರಿನ ಮಟ್ಟಕ್ಕಿಂತ ಮೇಲೆ ದಂಡೆಯ ಸಮತಟ್ಟಿನಲ್ಲಿ ಬರುವಂತೆ ನೋಡಿಕೊಂಡೆವು. ಟ್ರೆಂಚಿಗೆ ಮಣ್ಣನ್ನೇ ತುಂಬಿದೆವು, ಬೆಳಿಗ್ಗೆ ಆರು ಗಂಟೆಗೆ.

ಹಾಗೇ ಒಂದು ಮೂಲೆಯಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನು ಗಟ್ಟಿ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಡಿಸಿದೆ, ಸುತ್ತ ಬೇಲಿ ಹಾಕಿಸಿದೆ. ಒದ್ದೆ ಹಾಳೆಯ ಮೇಲೆ ಕಾಲು ನಿಲ್ಲುವುದಿಲ್ಲ. ಈಜು ಬಂದವರೂ ಹತ್ತಿ ಬರಲಾಗದೆ ಮುಳುಗುತ್ತಾರೆ. ಹಗ್ಗ ಕಟ್ಟದ ಹೊಂಡಕ್ಕೆ ನೀರು ಬಿಡಬೇಡಿ.

ಹೊಂಡ ತುಂಬಿದ ಮೇಲೆ ಒಂದು ಬಕೆಟ್‌ಗೆ ನೀರು ತುಂಬಿ ದಂಡೆಯ ಮೇಲೆ ಬಿಸಿಲಿಗೆ ಇಟ್ಟೆವು. ಬಕೆಟ್‌ನಲ್ಲೂ ಹೊಂಡದಲ್ಲೂ ಗೆರೆ ಎಳೆದು ಮಳೆಯಿಲ್ಲದ ಐದು ದಿನ, ಪಂಪು ಹಾಕದೆ ಕಾದೆವು. ಎರಡರಲ್ಲೂ ನೀರು ಹೆಚ್ಚುಕಡಿಮೆ ಒಂದೇ ಸಮ, ಮೂರು ಬೆರಳಗಲದಷ್ಟು ಇಳಿದಿತ್ತು. ಅಷ್ಟೂ ಬಿಸಿಲಿಗೆ ಆವಿಯಾಗಿ ಹೋದದ್ದು.